ಬೆಳ್ಳಿ ದೀಪದ ಬೆಲೆಚೀಟಿಯಲ್ಲಿ ಏನೇನಿರುತ್ತದೆ?

‘ಬೆಳ್ಳಿ ದೀಪ, ಜೋಡಿ. 925. ತೂಕ 180 ಗ್ರಾಂ. ಆಂಟಿಕ್ ಫಿನಿಶ್.’ ವರಮಹಾಲಕ್ಷ್ಮಿ ಹಬ್ಬ ಹತ್ತಿರವಾದಂತೆ ಅಂಗಡಿಗಳ ಕ್ಯಾಟಲಾಗುಗಳಲ್ಲಿ ಇಂಥ ಸಾಲುಗಳು ತುಂಬಿಕೊಳ್ಳುತ್ತವೆ. ಇಷ್ಟು ವಿವರ ಇದ್ದರೆ ಸಾಕು, ದೀಪದ ಬೆಲೆಯನ್ನು ಗ್ರಾಹಕರೇ ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು. ಆದರೆ ಅಂಗಡಿಯ ಬಿಲ್ಲು ಎಷ್ಟೋ ಸಲ ಆ ಲೆಕ್ಕಕ್ಕೆ ತಾಳೆಯಾಗುವುದಿಲ್ಲ.

925 ಎಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಅಪ್ಪಟ ಬೆಳ್ಳಿ ಮೆದು. ಅದರಲ್ಲಿ ಮಾಡಿದ ದೀಪದ ಕಂಬ ಸುಲಭವಾಗಿ ಬಾಗುತ್ತದೆ, ಚೊಂಬು ತಗ್ಗು ಬೀಳುತ್ತದೆ. ಹಾಗಾಗಿ ತಾಮ್ರ ಬೆರೆಸುವುದರಲ್ಲಿ ಮೋಸವೇನೂ ಇಲ್ಲ. ಎಷ್ಟು ಬೆರೆಸಿದ್ದಾರೆ ಎಂಬುದನ್ನು ಹೇಳದಿರುವುದು ಮೋಸ. ಹಳೆಯ ಅಂಗಡಿಗಳಲ್ಲಿ ಇದನ್ನೇ ‘ಟಚ್’ ಎನ್ನುತ್ತಾರೆ: 80 ಟಚ್ ಎಂದರೆ ನೂರಕ್ಕೆ 80 ಪಾಲು ಬೆಳ್ಳಿ. ಇನ್ನು ‘ಜರ್ಮನ್ ಸಿಲ್ವರ್’ ಎಂದು ಬರೆದಿದ್ದರೆ ಅದರಲ್ಲಿ ಬೆಳ್ಳಿಯೇ ಇರುವುದಿಲ್ಲ. ಅದು ತಾಮ್ರ, ಸತು, ನಿಕ್ಕಲ್ ಸೇರಿದ ಲೋಹ.

ಚಿನ್ನಕ್ಕೆ ಹಾಲ್‌ಮಾರ್ಕ್ ಕಡ್ಡಾಯವಾಗಿ ಕೆಲವು ವರ್ಷಗಳಾದವು. ಬೆಳ್ಳಿಗೆ ಅದು ಅಂಗಡಿಯವರ ಇಚ್ಛೆಗೆ ಬಿಟ್ಟದ್ದು. 2025ರ ಸೆಪ್ಟೆಂಬರ್ 1ರಿಂದ ಹಾಲ್‌ಮಾರ್ಕ್ ಆದ ಬೆಳ್ಳಿಗೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಬಂದಿದೆ. ದೀಪದ ತಳ ತಿರುಗಿಸಿದರೆ ಬಿಐಎಸ್ ಮುದ್ರೆ, 925 ಎಂಬ ಅಂಕಿ, ಪಕ್ಕದಲ್ಲಿ ಈ ಸಂಖ್ಯೆ ಕಾಣಬೇಕು. ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಸ್ತು ಯಾವುದು, ಶುದ್ಧತೆ ಎಷ್ಟು ಎಂಬುದು ತೆರೆಯಮೇಲೆ ಬರುತ್ತದೆ. ಕೈಯಲ್ಲಿರುವುದು ದೀಪ, ತೆರೆಯ ಮೇಲೆ ಬಂದದ್ದು ಕಾಲುಗೆಜ್ಜೆ ಎಂದಾದರೆ ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು. ಬರೀ 925 ಎಂದು ಗುದ್ದಿದ ಅಂಕಿಯನ್ನು ಅಂಗಡಿಯವರ ಮಾತು ಎಂದಷ್ಟೇ ತಿಳಿಯಬೇಕು.

ಈಗ ಬೆಲೆ. ಲೆಕ್ಕ ಸುಲಭವಾಗಲೆಂದು ಅಪ್ಪಟ ಬೆಳ್ಳಿ ಗ್ರಾಂಗೆ 100 ರೂಪಾಯಿ, ಮಜೂರಿ ಗ್ರಾಂಗೆ 15 ರೂಪಾಯಿ ಎಂದಿಟ್ಟುಕೊಳ್ಳೋಣ. 180 ಗ್ರಾಂ ದೀಪದಲ್ಲಿರುವ ಬೆಳ್ಳಿ 166.5 ಗ್ರಾಂ, ಅಂದರೆ 16,650 ರೂಪಾಯಿ. ಮಜೂರಿ 2,700 ಸೇರಿ 19,350. ಅದರ ಮೇಲೆ ಶೇ 3ರ ಜಿಎಸ್‌ಟಿ ಬಿದ್ದು 19,930 ರೂಪಾಯಿ 50 ಪೈಸೆ.

ಅನೇಕ ಅಂಗಡಿಗಳು ಹೀಗೆ ಲೆಕ್ಕ ಹಾಕುವುದಿಲ್ಲ. ಪೂರ್ತಿ 180 ಗ್ರಾಂ ತೂಕವನ್ನೂ ಅಪ್ಪಟ ಬೆಳ್ಳಿಯ ದರಕ್ಕೇ ಗುಣಿಸುತ್ತವೆ. ಆಗ ಬೆಳ್ಳಿಗೇ 18,000, ಮಜೂರಿ, ತೆರಿಗೆ ಸೇರಿ 21,321 ರೂಪಾಯಿ. 1,390 ರೂಪಾಯಿ ಚಿಲ್ಲರೆ ಹೆಚ್ಚು ಕೊಟ್ಟಂತಾಯಿತು, ಅದೂ ಮುಖ್ಯವಾಗಿ ತಾಮ್ರಕ್ಕೆ ಬೆಳ್ಳಿಯ ಬೆಲೆ. 80 ಟಚ್ ವಸ್ತುವಾದರೆ ಈ ಅಂತರ ಇನ್ನೂ ದೊಡ್ಡದು. ‘ಇವತ್ತಿನ ರೇಟು ಎಷ್ಟು?’ ಎಂದು ಕೇಳುವವರು ‘ಅದು ಯಾವ ಶುದ್ಧತೆಯ ರೇಟು?’ ಎಂದೂ ಕೇಳಲೇಬೇಕು. ಮಜೂರಿಯನ್ನು ಗ್ರಾಂ ಲೆಕ್ಕದ ಬದಲು ಶೇಕಡಾವಾರು ಹಾಕುವ ಅಂಗಡಿಯಲ್ಲಿ ಬೆಳ್ಳಿ ದುಬಾರಿಯಾದಾಗಲೆಲ್ಲ ಕೂಲಿಯೂ ಏರುತ್ತದೆ. ‘ವೇಸ್ಟೇಜ್’ ಎಂಬ ಇನ್ನೊಂದು ಸಾಲು ಬಿಲ್ಲಿನಲ್ಲಿದ್ದರೆ ಅದನ್ನೂ ಮಜೂರಿಯ ಜೊತೆ ಕೂಡಿಸಿಯೇ ನೋಡಬೇಕು.

ತೂಕದ ವಿಷಯದಲ್ಲೂ ಒಂದು ಎಚ್ಚರ ಬೇಕು. ತೆಳು ತಗಡಿನ ದೀಪದ ಬುಡ, ಲಕ್ಷ್ಮಿಯ ಮುಖವಾಡ, ಪೊಳ್ಳು ವಿಗ್ರಹಗಳ ಒಳಗೆ ಆಕಾರ ಕೆಡದಿರಲೆಂದು ಅರಗು ತುಂಬಿರುವುದುಂಟು. ಮುಖವಾಡಕ್ಕೆ ಕಲ್ಲು, ಬಣ್ಣವೂ ಸೇರಿಕೊಳ್ಳುತ್ತವೆ. ತಕ್ಕಡಿ ತೋರಿಸುವುದು ಒಟ್ಟು ತೂಕವನ್ನು. ಬೆಲೆ ಕಟ್ಟಬೇಕಾದದ್ದು ಬೆಳ್ಳಿಯ ನಿವ್ವಳ ತೂಕಕ್ಕೆ. ಬೆರಳಿನಿಂದ ತಟ್ಟಿದಾಗ ಬುಡದಿಂದ ನಾದ ಬಾರದೆ ಮಂಕು ಸದ್ದು ಬಂದರೆ ಒಳಗೇನಿದೆ ಎಂದು ಕೇಳಬೇಕು.

ಫಿನಿಶ್ ಎಂಬುದು ಹೊರಮೈಯ ಮಾತು. ಆಂಟಿಕ್ ಫಿನಿಶ್‌ನಲ್ಲಿ ಗಂಧಕದ ಸಂಯುಕ್ತದಿಂದ ಬೆಳ್ಳಿಯನ್ನು ಕಪ್ಪಾಗಿಸಿ, ಉಬ್ಬು ಭಾಗಗಳನ್ನು ಮಾತ್ರ ಮತ್ತೆ ಉಜ್ಜಿ ಬೆಳಗಿಸುತ್ತಾರೆ. ನಕ್ಷಿಯ ಸಂದಿನಲ್ಲಿ ಕಪ್ಪು ನಿಂತು ಚಿತ್ತಾರ ಎದ್ದು ಕಾಣುತ್ತದೆ. ಇದನ್ನು ತಿಳಿಯದೆ ಮನೆಯಲ್ಲಿ ವಿಭೂತಿ ಹಾಕಿ ಚೆನ್ನಾಗಿ ತಿಕ್ಕಿದರೆ ಆ ಕಪ್ಪೂ ಹೋಗುತ್ತದೆ. ದಿನಾ ಎಣ್ಣೆ ಬೀಳುವ ದೀಪಕ್ಕೆ ಮಾಮೂಲಿ ಪಾಲಿಶ್‌ನದ್ದೇ ಅನುಕೂಲ. ಚಿನ್ನದ ಗಿಲೀಟು ಇರಲಿ, ಆಂಟಿಕ್ ಇರಲಿ, ಹಳೆಯದನ್ನು ಕೊಟ್ಟು ಹೊಸದು ಕೊಳ್ಳುವಾಗ ಅಂಗಡಿಯವರು ಫಿನಿಶ್‌ಗೆ ಬೆಲೆ ಕಟ್ಟುವುದಿಲ್ಲ, ಮಜೂರಿಯನ್ನೂ ಹಿಂದಿರುಗಿಸುವುದಿಲ್ಲ.

ಕೊಳ್ಳುವಾಗ 180 ಗ್ರಾಂಗೂ ಅಪ್ಪಟ ಬೆಳ್ಳಿಯ ದರ ಹಾಕಿದ ಅಂಗಡಿಯೇ, ಮರಳಿ ಕೊಳ್ಳುವಾಗ ಶುದ್ಧತೆ ಪರೀಕ್ಷಿಸಿ 166.5 ಗ್ರಾಂ ಎಂದು ಎಣಿಸುತ್ತದೆ. ಹಾಲ್‌ಮಾರ್ಕ್ ಇರುವ ವಸ್ತುವಿನ ಬಿಲ್ಲಿನಲ್ಲಿ ನಿವ್ವಳ ತೂಕ, ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಬೇರೆಬೇರೆಯಾಗಿ ನಮೂದಾಗಬೇಕು. ‘ಬೆಳ್ಳಿ ಸಾಮಾನು, ಒಟ್ಟು ಇಷ್ಟು’ ಎಂದು ಒಂದೇ ಸಾಲು ಗೀಚಿದ ಚೀಟಿಯನ್ನು ಒಪ್ಪಿಕೊಳ್ಳದೆ, ವಿವರ ಬರೆಸಿಕೊಂಡೇ ಹಣ ಎಣಿಸಬೇಕು.