ಬಾಣಂತಿಯ ಕೈಗೆ ಬಂದ ಡಬ್ಬಿ

ಹೆರಿಗೆಯಾದ ಮೊದಲ ಎರಡು ಮೂರು ದಿನ ತಾಯಿಗೆ ಬರುವ ಹಾಲು ಬಹಳ ಕಡಿಮೆ. ಹಳದಿ ಬಣ್ಣದ ಆ ಗಟ್ಟಿ ಹಾಲು ಚಮಚದ ಲೆಕ್ಕದಲ್ಲಿ ಇಳಿಯುತ್ತದೆ, ಕೂಸಿಗೆ ಸಾಮಾನ್ಯವಾಗಿ ಅಷ್ಟೇ ಸಾಕು. ಆದರೆ ಕೂಸು ಅತ್ತರೆ ಸುತ್ತ ಇದ್ದವರು ‘ಹಾಲು ಸಾಲುತ್ತಿಲ್ಲ’ ಎನ್ನುತ್ತಾರೆ. ನಿದ್ದೆಗೆಟ್ಟು, ಹೊಲಿಗೆಯ ನೋವಿನಲ್ಲಿ ಮಲಗಿರುವ ಬಾಣಂತಿ ಅದನ್ನು ನಂಬಿಬಿಡುತ್ತಾಳೆ. ಆ ಹೊತ್ತಿನಲ್ಲಿ ಯಾರಾದರೂ ಹಾಲಿನ ಪುಡಿಯ ಡಬ್ಬಿಯನ್ನು ಪುಕ್ಕಟೆ ಕೊಟ್ಟರೆ ಬೇಡ ಎನ್ನುವುದು ಕಷ್ಟ.

1960–70ರ ದಶಕಗಳಲ್ಲಿ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಹೆರಿಗೆ ವಾರ್ಡುಗಳಲ್ಲಿ ನಡೆದದ್ದು ಇದೇ. ನರ್ಸುಗಳ ಹಾಗೆ ಬಿಳಿ ಉಡುಪು ತೊಟ್ಟ ಹೆಂಗಸರು ಬಾಣಂತಿಯರನ್ನು ಮಾತನಾಡಿಸಿ, ಮಾದರಿ ಡಬ್ಬಿ ಕೊಟ್ಟು ಹೋಗುತ್ತಿದ್ದರು. ಅವರಿಗೆ ಸಂಬಳ ಬರುತ್ತಿದ್ದದ್ದು ಆಸ್ಪತ್ರೆಯಿಂದಲ್ಲ, ಹಾಲಿನ ಪುಡಿ ಮಾರುವ ಕಂಪನಿಗಳಿಂದ.

ಪುಕ್ಕಟೆ ಡಬ್ಬಿ ಮಾಡುವ ಕೆಲಸವೇನೆಂದು ಅರಿಯಲು ಎದೆಹಾಲಿನ ಒಂದು ಗುಣ ತಿಳಿದಿರಬೇಕು. ಕೂಸು ಚೀಪಿದಷ್ಟೂ ಹಾಲು ಹೆಚ್ಚುತ್ತದೆ, ಚೀಪುವುದು ತಪ್ಪಿದರೆ ಕಡಿಮೆಯಾಗುತ್ತದೆ. ಡಬ್ಬಿ ಹಾಲು ಕುಡಿದು ಹೊಟ್ಟೆ ತುಂಬಿದ ಕೂಸು ಎದೆಗೆ ಬಾಯಿ ಹಾಕುವುದಿಲ್ಲ. ಮಾದರಿ ಡಬ್ಬಿ ಮುಗಿಯುವ ಹೊತ್ತಿಗೆ ತಾಯಿಯ ಹಾಲು ನಿಜವಾಗಿಯೂ ಇಳಿದಿರುತ್ತದೆ. ಮೊದಲು ಬರೀ ಭಯವಾಗಿದ್ದದ್ದು ಈಗ ದಿಟವಾಗುತ್ತದೆ, ಮುಂದಿನ ಡಬ್ಬಿಗೆ ಅವಳು ಅಂಗಡಿಗೇ ಹೋಗಬೇಕು.

ಆ ಖರ್ಚನ್ನು ಸ್ವಲ್ಪ ಲೆಕ್ಕ ಹಾಕಬಹುದು. ಸಾಮಾನ್ಯವಾಗಿ 30 ಮಿಲಿಲೀಟರ್ ನೀರಿಗೆ ಒಂದು ಅಳತೆ ಚಮಚ ಪುಡಿ. ಒಂದು ತಿಂಗಳ ಕೂಸು ಒಂದು ಸಲಕ್ಕೆ 90 ಮಿಲಿಲೀಟರಿನಂತೆ ದಿನಕ್ಕೆ ಎಂಟು ಸಲ ಕುಡಿದರೆ 24 ಚಮಚ ಪುಡಿ ಬೇಕು. 400 ಗ್ರಾಂ ಡಬ್ಬಿ ನಾಲ್ಕು ದಿನಕ್ಕೆ ಖಾಲಿ. ತಿಂಗಳಿಗೆ ಏಳೆಂಟು ಡಬ್ಬಿ. ಕೂಲಿ ಮಾಡುವ ಮನೆಯಲ್ಲಿ ಮೂರು ಚಮಚದ ಜಾಗದಲ್ಲಿ ಒಂದೂವರೆ ಚಮಚ ಬೀಳಲು ತಡವಾಗುವುದಿಲ್ಲ. ಬಾಟಲಿ ತುಂಬಿಯೇ ಕಾಣುತ್ತದೆ, ಕೂಸಿಗೆ ಸೇರುವ ಪೋಷಣೆ ಮಾತ್ರ ಅರ್ಧ. ಕುದಿಸದ ನೀರು, ಸರಿಯಾಗಿ ತೊಳೆಯಲಾಗದ ನಿಪ್ಪಲ್ ಸೇರಿದರೆ ಭೇದಿ ಹಿಡಿಯುತ್ತದೆ. ಇಂಥ ಕೂಸುಗಳೇ ಸೊರಗಿ ಆಸ್ಪತ್ರೆಗೆ ಬಂದವು, ಎಷ್ಟೋ ಸತ್ತವು.

1974ರಲ್ಲಿ ಬ್ರಿಟನ್ನಿನ ‘ವಾರ್ ಆನ್ ವಾಂಟ್’ ಸಂಸ್ಥೆ ಈ ಬಗ್ಗೆ ಕಿರುಪುಸ್ತಕವೊಂದನ್ನು ತಂದಿತು. ಸ್ವಿಟ್ಜರ್ಲೆಂಡಿನ ಒಂದು ಗುಂಪು ಅದನ್ನು ನೆಸ್ಲೆ ಕಂಪನಿ ಶಿಶುಗಳನ್ನು ಕೊಲ್ಲುತ್ತದೆ ಎಂಬ ಅರ್ಥದ ಶೀರ್ಷಿಕೆಯಲ್ಲಿ ಜರ್ಮನ್ ಭಾಷೆಗೆ ತಂದಾಗ ಕಂಪನಿ ಮಾನನಷ್ಟದ ಮೊಕದ್ದಮೆ ಹೂಡಿತು. 1976ರಲ್ಲಿ ಕಂಪನಿಯೇ ಗೆದ್ದಿತು. ಗುಂಪಿನವರಿಗೆ ತಲಾ 300 ಫ್ರಾಂಕ್ ದಂಡ ಬಿತ್ತು. ಆದರೆ ಅದೇ ನ್ಯಾಯಾಧೀಶರು ಕಂಪನಿಯು ತನ್ನ ಜಾಹೀರಾತಿನ ರೀತಿಯನ್ನು ಮೂಲದಿಂದಲೇ ಮರುಯೋಚಿಸಬೇಕೆಂದೂ ಹೇಳಿದರು. ಮರುವರ್ಷ ಅಮೆರಿಕದಲ್ಲಿ ಬಹಿಷ್ಕಾರ ಶುರುವಾಯಿತು.

ಕಂಪನಿಗಳ ಪರವಾಗಿಯೂ ವಾದವಿತ್ತು. ಪುಡಿಯಲ್ಲಿ ದೋಷವಿಲ್ಲ, ಕೊಳಕು ನೀರಿಗೆ ತಯಾರಕರು ಹೇಗೆ ಹೊಣೆ? 1978ರಲ್ಲಿ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಈ ಪ್ರಶ್ನೆ ಬಂದಾಗ ನೆಸ್ಲೆಯ ಬ್ರೆಜಿಲ್ ಮುಖ್ಯಸ್ಥರು ಆ ಹೊಣೆ ತಮ್ಮದಾಗಲಾರದು ಎಂದರು. ಈ ಮಾತು ಒಪ್ಪುವಂಥದ್ದಲ್ಲ. ನೀರು ಸರಿಯಿಲ್ಲದ ಊರಿಗೆ, ಪೂರಾ ಅಳತೆ ಕೊಳ್ಳಲಾಗದ ಮನೆಗೆ ಹುಡುಕಿಕೊಂಡು ಹೋಗಿ ಮಾರಿದವರಿಗೆ ಆ ನೀರೂ ಆ ಮನೆಯೂ ಗೊತ್ತಿದ್ದವು. ಒಂದೂ ಸುಳ್ಳು ಹೇಳದೆ ಅನ್ಯಾಯ ಮಾಡಲು ಸಾಧ್ಯ. ಇಲ್ಲಿ ತಪ್ಪು ಇರುವುದು ಆರಿಸಿಕೊಂಡ ಹೊತ್ತಿನಲ್ಲಿ.

ತಾಯಿ ಇಲ್ಲದ, ತಾಯಿ ಹಾಲುಣಿಸಲಾಗದ ಕೂಸುಗಳಿಗೆ ಈ ಪುಡಿಯೇ ಜೀವ. ಅದನ್ನು ಕೊಳ್ಳುವ ಹೆಣ್ಣಿಗೆ ಅಪರಾಧಿ ಭಾವ ಹುಟ್ಟಿಸುವುದು ಮತ್ತೊಂದು ಕ್ರೌರ್ಯ. ಅದಕ್ಕೇ 1981ರ ಮೇನಲ್ಲಿ ವಿಶ್ವ ಆರೋಗ್ಯ ಸಭೆ ಒಪ್ಪಿದ ಸಂಹಿತೆ ಮಾರಾಟವನ್ನು ನಿಷೇಧಿಸಲಿಲ್ಲ, ಪ್ರಚಾರವನ್ನಷ್ಟೇ ತಡೆಯಿತು. ಪರ 118 ಮತ, ವಿರುದ್ಧ ಒಂದೇ ಒಂದು: ಅಮೆರಿಕದ್ದು.

ಭಾರತ 1992ರಲ್ಲಿ ಇದನ್ನು ಕಾಯ್ದೆಯಾಗಿಸಿ, 2003ರಲ್ಲಿ ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಬಾಟಲಿ, ಶಿಶು ಆಹಾರಗಳಿಗೆ ಜಾಹೀರಾತು ಕೂಡದು, ಮಾದರಿ ಹಂಚಕೂಡದು, ಆರೋಗ್ಯ ಸಿಬ್ಬಂದಿಗೆ ಉಡುಗೊರೆ ಕೂಡದು. ಡಬ್ಬಿಯ ಮೇಲೆ ತಾಯಿ-ಮಗುವಿನ ಚಿತ್ರವೂ ಇರಬಾರದು. ಔಷಧಿ ಅಂಗಡಿಯ ಡಬ್ಬಿಗಳಲ್ಲಿ ನಗುವ ಕೂಸು ಕಾಣದಿರುವುದು ಇದರಿಂದಲೇ.

ಆದರೆ ಗೆರೆ ನಿಲ್ಲುವುದು ಎರಡು ವರ್ಷಕ್ಕೆ. ಅದಕ್ಕಿಂತ ದೊಡ್ಡ ಮಕ್ಕಳ ಹಾಲಿನ ಪುಡಿಗೆ ಜಾಹೀರಾತು ಕೊಡಬಹುದು. ಚಿಕ್ಕವರ ಡಬ್ಬಿಯ ಬಣ್ಣ, ಹೆಸರುಗಳೇ ದೊಡ್ಡವರ ಡಬ್ಬಿಯ ಮೇಲೂ ಇದ್ದರೆ ಒಂದರ ಜಾಹೀರಾತು ಎರಡಕ್ಕೂ ದುಡಿಯುತ್ತದೆ. ಇನ್ನು ವಾರ್ಡಿನೊಳಕ್ಕೆ ಬರಲು ಬಿಳಿ ಉಡುಪು ಬೇಕಿಲ್ಲ. ಬಾಣಂತಿಯ ದಿಂಬಿನ ಪಕ್ಕದಲ್ಲೇ ಫೋನ್ ಇದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಎಂಟು ದೇಶಗಳ ಸಮೀಕ್ಷೆಯಲ್ಲಿ, ಮಾತನಾಡಿಸಿದ ಗರ್ಭಿಣಿಯರು ಮತ್ತು ಪೋಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮನ್ನು ಹಾಲಿನ ಪುಡಿಯ ಪ್ರಚಾರ ತಲುಪಿದೆ ಎಂದಿದ್ದರು.