ಸಾವಿರ ರೂಪಾಯಿಯ ಅರವತ್ತು ಕಂತು

ಅಂಚೆ ಕಚೇರಿಯಲ್ಲಿ ಆರ್‌ಡಿ ಮಾಡಿಸಬೇಕೆಂದಿದ್ದ ನಮ್ಮ ಚಿಕ್ಕಮ್ಮ ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಲೆಕ್ಕ ಬರೆದಿಟ್ಟುಕೊಂಡಿದ್ದರು. ತಿಂಗಳಿಗೆ ಸಾವಿರದಂತೆ ಐದು ವರ್ಷಕ್ಕೆ 60,000 ರೂಪಾಯಿ. ಅದಕ್ಕೆ ನೂರಕ್ಕೆ 6.7ರಂತೆ ವರ್ಷದ ಬಡ್ಡಿ 4,020, ಐದು ವರ್ಷಕ್ಕೆ 20,100. ಒಟ್ಟು 80,100. ಆದರೆ ಏಜೆಂಟ್ ಬರೆದುಕೊಟ್ಟ ಚೀಟಿಯಲ್ಲಿ 71,366 ಎಂದಿತ್ತು.

“ಇದೇನೋ, ಹತ್ತಿರ ಹತ್ತಿರ ಒಂಬತ್ತು ಸಾವಿರ ಕಡಿಮೆ ಇದೆಯಲ್ಲ?” ಎಂದು ಎರಡು ಹಾಳೆಗಳನ್ನೂ ನನ್ನ ಮುಂದಿಟ್ಟರು.

“ಚಿಕ್ಕಮ್ಮ, ಅರವತ್ತು ಸಾವಿರವೂ ಖಾತೆಯಲ್ಲಿ ಇರೋದು ಕೊನೇ ತಿಂಗಳು ಮಾತ್ರ. ಮೊದಲನೇ ತಿಂಗಳು ಇರೋದು ಬರೀ ಸಾವಿರ” ಎಂದೆ. ಅವರು ಕೂಡಲೇ ಹಾಳೆಯನ್ನು ತಿರುಗಿಸಿ ನೋಡಿಕೊಂಡರು. ತಪ್ಪು ಎಲ್ಲಿದೆಯೆಂದು ಅವರಿಗೆ ಅರ್ಧ ಹೊಳೆದಿತ್ತು.

ಉಳಿದರ್ಧವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಈ ತಪ್ಪನ್ನು ತುಂಬ ಜನ ಮಾಡುತ್ತಾರೆ. ಆರ್‌ಡಿ ಎಂದರೆ ಒಂದೇ ಠೇವಣಿಯಲ್ಲ, ಒಂದೇ ದಿನ ಮುಗಿಯುವ ಅರವತ್ತು ಪುಟ್ಟ ಠೇವಣಿಗಳು. ಮೊದಲ ಸಾವಿರ 60 ತಿಂಗಳು ದುಡಿಯುತ್ತದೆ, ಎರಡನೆಯದು 59 ತಿಂಗಳು, ಕೊನೆಯದು ಒಂದೇ ತಿಂಗಳು. ಸರಾಸರಿ ತೆಗೆದರೆ ಪ್ರತಿ ಸಾವಿರವೂ ಖಾತೆಯಲ್ಲಿ ಕೂರುವುದು ಮೂವತ್ತೂವರೆ ತಿಂಗಳು, ಅಂದರೆ ಎರಡೂವರೆ ವರ್ಷಕ್ಕೆ ತುಸು ಹೆಚ್ಚು. ಹಾಗಾಗಿ ಚಿಕ್ಕಮ್ಮನ 20,100 ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ: ಬರೀ ಸರಳ ಬಡ್ಡಿಯಾದರೆ 10,217 ರೂಪಾಯಿ. ಅಂಚೆ ಇಲಾಖೆ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುವುದರಿಂದ ಅದರ ಮೇಲೆ ಇನ್ನು 1,149 ರೂಪಾಯಿ ಕೂಡಿ 11,366 ಆಗುತ್ತದೆ. ಬಡ್ಡಿ ದರದಲ್ಲಿ ಯಾರೂ ಮೋಸ ಮಾಡಿಲ್ಲ. 6.7 ಎಂಬುದು ಹಣ ಒಂದಿಡೀ ವರ್ಷ ಇದ್ದರೆ ಸಿಗುವ ದರ. ನಮ್ಮ ಹಣದ ಬಹುಪಾಲು ಅಷ್ಟು ಹೊತ್ತಿಗೆ ಇನ್ನೂ ಜೇಬಿನಲ್ಲೇ ಇರುತ್ತದೆ.

ಅರವತ್ತು ಕಂತುಗಳಿಗೂ ಬೇರೆ ಬೇರೆ ಚಕ್ರಬಡ್ಡಿ ಹಾಕಿ ಕೂಡಿಸಬಹುದು. ಮೊದಲ ಸಾವಿರ 1,394 ಆಗಿರುತ್ತದೆ, ಕೊನೆಯದು 1,005 ರೂಪಾಯಿ 55 ಪೈಸೆ. ಆದರೆ ಅರವತ್ತು ಸಲ ಗುಣಿಸುವ ಬದಲು ಒಂದೇ ಏಟಿಗೆ ಉತ್ತರ ಕೊಡುವ ಸೂತ್ರವೊಂದಿದೆ. ವಾಣಿಜ್ಯ ಗಣಿತದ ಪಠ್ಯಗಳಲ್ಲಿ ಅದು ‘ಸಾಮಾನ್ಯ ವರ್ಷಾಶನದ ಭವಿಷ್ಯ ಮೌಲ್ಯ’ ಎಂಬ ಹೆಸರಿನಲ್ಲಿ ಬರುತ್ತದೆ. ಹೆಸರಿನಲ್ಲಿ ವರ್ಷ ಇದ್ದರೂ ಕಂತು ತಿಂಗಳದ್ದಾಗಬಹುದು; ಕಂತುಗಳು ಸಮನಾಗಿರಬೇಕು ಮತ್ತು ಪ್ರತಿ ಅವಧಿಯ ಕೊನೆಗೆ ಕಟ್ಟಬೇಕು, ಅಷ್ಟೇ ಷರತ್ತು.

```
FV = P × ((1 + i)^n − 1) / i
```

ಇಲ್ಲಿ P ಎಂದರೆ ಕಂತು, n ಎಂದರೆ ಕಂತುಗಳ ಸಂಖ್ಯೆ, i ಎಂದರೆ ಒಂದು ತಿಂಗಳ ಬಡ್ಡಿ. ಸೂತ್ರವನ್ನು ಬಾಯಿಪಾಠ ಮಾಡಿ ಪಾಸಾದವರಿಗೂ ಕೆಳಗೆ i ಯಾಕೆ ಬಂತು, ಒಂದನ್ನು ಯಾಕೆ ಕಳೆದರು ಎಂಬುದು ಗೊತ್ತಿರುವುದಿಲ್ಲ. ನನಗೆ ತುಂಬ ಇಷ್ಟವಾದ ವಿವರಣೆ ಹೀಗಿದೆ.

ನಿಮ್ಮ ಹತ್ತಿರ ಒಂದು ಇಡಿಗಂಟು ಇದೆ ಎಂದುಕೊಳ್ಳಿ. ಅದರ ಬಡ್ಡಿಯೇ ತಿಂಗಳಿಗೆ ಸರಿಯಾಗಿ ಸಾವಿರ ರೂಪಾಯಿ. ತಿಂಗಳ ಬಡ್ಡಿ ಶೇಕಡ 0.5552 ಆದರೆ ಆ ಗಂಟು 1,80,101 ರೂಪಾಯಿ ಇರಬೇಕು. ಸಾವಿರವನ್ನು i ಯಿಂದ ಭಾಗಿಸಿದಾಗ ಸಿಗುವುದು ಇದೇ ಮೊತ್ತ. ಪ್ರತಿ ತಿಂಗಳ ಕೊನೆಗೆ ಆ ಸಾವಿರವನ್ನು ತೆಗೆದು ಅದೇ ದರದ ಇನ್ನೊಂದು ಖಾತೆಗೆ ಹಾಕುತ್ತ ಹೋಗುತ್ತೀರಿ. ಐದು ವರ್ಷದ ಮೇಲೆ ಗಂಟು ಹಾಗೇ ಇದೆ, ಪಕ್ಕದ ಖಾತೆಯೂ ತುಂಬಿದೆ. ಎರಡನ್ನೂ ಕೂಡಿಸಿದರೆ ಎಷ್ಟು? ಬಡ್ಡಿಯನ್ನು ಮುಟ್ಟದೆ ಗಂಟನ್ನು ಚಕ್ರಬಡ್ಡಿಗೆ ಬಿಟ್ಟಿದ್ದರೆ ಎಷ್ಟಾಗುತ್ತಿತ್ತೋ ಅಷ್ಟೇ, ಏಕೆಂದರೆ ಹಣ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗಿದೆಯೇ ಹೊರತು ದುಡಿಮೆ ನಿಂತಿಲ್ಲ. ಆ ಮೊತ್ತ 2,51,073. ಅದರಲ್ಲಿ ಗಂಟಿನ 1,80,101 ಕಳೆಯಿರಿ. ಪಕ್ಕದ ಖಾತೆಯಲ್ಲಿ ಇರುವುದು 70,972. ಸೂತ್ರದಲ್ಲಿ ಒಂದನ್ನು ಕಳೆಯುವುದೆಂದರೆ ಆ ಗಂಟನ್ನು ಅದರ ಮಾಲೀಕರಿಗೆ ಹಿಂದಿರುಗಿಸುವುದು.

ಆದರೆ ಚೀಟಿಯಲ್ಲಿ ಇದ್ದದ್ದು 71,366. ಉಳಿದ 394 ರೂಪಾಯಿ ಬರುವುದು ಕಟ್ಟುವ ದಿನದಿಂದ. ಸಾಮಾನ್ಯ ವರ್ಷಾಶನದಲ್ಲಿ ಕೊನೆಯ ಕಂತು ಮುಕ್ತಾಯದ ದಿನವೇ ಬಿದ್ದು ಒಂದು ಪೈಸೆ ಬಡ್ಡಿಯನ್ನೂ ಗಳಿಸುವುದಿಲ್ಲ. ಆರ್‌ಡಿಯಲ್ಲಿ ಖಾತೆ ತೆರೆದ ದಿನವೇ ಮೊದಲ ಕಂತು ಕಟ್ಟುತ್ತೇವೆ, ಆದ್ದರಿಂದ ಎಲ್ಲ ಅರವತ್ತಕ್ಕೂ ಒಂದೊಂದು ತಿಂಗಳು ಹೆಚ್ಚು ಸಿಗುತ್ತದೆ. ಸೂತ್ರದ ಉತ್ತರವನ್ನು (1 + i) ಇಂದ ಒಮ್ಮೆ ಗುಣಿಸಿದರೆ ಲೆಕ್ಕ ತಾಳೆಯಾಗುತ್ತದೆ. ಇನ್ನೊಂದು ಎಚ್ಚರ: i ಸಿಗಲು 6.7ನ್ನು ಹನ್ನೆರಡರಿಂದ ಭಾಗಿಸಬಾರದು. ಬಡ್ಡಿ ಸೇರುವುದು ಮೂರು ತಿಂಗಳಿಗೊಮ್ಮೆ ಶೇಕಡ 1.675ರಂತೆ. ಮೂರು ತಿಂಗಳು ಬೆಳೆದು ಅಷ್ಟಾಗಬೇಕಾದರೆ ತಿಂಗಳಿಗೆ 0.5583 ಅಲ್ಲ, 0.5552. ನಿಮ್ಮ ಲೆಕ್ಕ ಚೀಟಿಗಿಂತ ಕೆಲವು ರೂಪಾಯಿ ಹೆಚ್ಚು ಬಂದರೆ ತಪ್ಪು ಬಹುಶಃ ಇಲ್ಲೇ ಇರುತ್ತದೆ.

ಇಷ್ಟಾದ ಮೇಲೆ ಚಿಕ್ಕಮ್ಮ ಕೇಳಿದ್ದು ಒಳ್ಳೆಯ ಪ್ರಶ್ನೆ: “ಹಾಗಾದ್ರೆ ಹತ್ತು ವರ್ಷ ಕಟ್ಟಿದರೆ ಬಡ್ಡಿ ಎರಡರಷ್ಟು ಬರುತ್ತಾ?”

ಅಂಚೆ ಆರ್‌ಡಿಯನ್ನು ಐದು ವರ್ಷದ ಬಳಿಕ ಅರ್ಜಿ ಕೊಟ್ಟು ಅದೇ ದರದಲ್ಲಿ ಇನ್ನೈದು ವರ್ಷ ಮುಂದುವರಿಸಬಹುದು. ಆಗ ಕಟ್ಟಿದ ಹಣ 1,20,000, ಕೈಗೆ ಬರುವುದು 1,70,855. ಬಡ್ಡಿ 50,855, ಅಂದರೆ ಮೊದಲ ಐದು ವರ್ಷದ ಬಡ್ಡಿಯ ಸುಮಾರು ನಾಲ್ಕೂವರೆ ಪಟ್ಟು. ಹೊಸ ಕಂತುಗಳು ಮತ್ತೆ 11,366 ತರುತ್ತವೆ, ಅದರಲ್ಲಿ ವಿಶೇಷವಿಲ್ಲ. ಆದರೆ ಮೊದಲೇ ಕೂಡಿದ್ದ 71,366 ಈಗ ಪೂರ್ತಿ ಐದು ವರ್ಷ ಕದಲದೆ ಕೂತು, ತಾನೊಂದೇ 28,123 ಗಳಿಸುತ್ತದೆ. ಚಿಕ್ಕಮ್ಮ ಮೊದಲು ಎಣಿಸಿದ್ದ ‘ಪೂರ್ತಿ ಮೊತ್ತಕ್ಕೆ ಪೂರ್ತಿ ಐದು ವರ್ಷ’ದ ಬಡ್ಡಿ ಸಿಗುವುದು ಈ ಎರಡನೇ ಸುತ್ತಿನಲ್ಲಿ.

ಕಂತು ತಪ್ಪಿದರೆ ಲೆಕ್ಕ ಬೇಗ ಕೆಡುತ್ತದೆ. ನೂರು ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಸಾವಿರದ ಕಂತಿಗೆ ಹತ್ತು ರೂಪಾಯಿ ಎಂದರೆ ಆ ಸಾವಿರ ಒಂದು ತಿಂಗಳಲ್ಲಿ ಗಳಿಸುವ ಐದೂವರೆ ರೂಪಾಯಿಗೆ ಸುಮಾರು ಎರಡರಷ್ಟು. ಅದಕ್ಕಿಂತ ದೊಡ್ಡ ಪೆಟ್ಟು ಅವಧಿಗೆ ಮೊದಲೇ ಮುಚ್ಚುವುದರಲ್ಲಿದೆ. ಮೂರು ವರ್ಷ ಆದ ಮೇಲೆ ಮುಚ್ಚಬಹುದು, ಆದರೆ ಆಗ ಇಡೀ ಅವಧಿಗೆ ಉಳಿತಾಯ ಖಾತೆಯ ಶೇಕಡ 4ರ ದರ ಅನ್ವಯಿಸುತ್ತದೆ. ಮುಕ್ತಾಯಕ್ಕೆ ಒಂದೇ ದಿನ ಮೊದಲು ಮುಚ್ಚಿದರೂ ಇದೇ ನಿಯಮ. ಅರವತ್ತೂ ಕಂತು ಕಟ್ಟಿ ಆ ತಪ್ಪು ಮಾಡಿದವರಿಗೆ ಸರಳ ಲೆಕ್ಕದಲ್ಲಿ ಸಿಗುವ ಬಡ್ಡಿ 6,100 ರೂಪಾಯಿಯ ಆಸುಪಾಸು, ಸಿಗಬೇಕಾಗಿದ್ದ 11,366ರ ಅರ್ಧಕ್ಕಿಂತ ತುಸು ಹೆಚ್ಚು.

ಮಧ್ಯೆ ಹಣದ ತುರ್ತು ಬಂದರೆ ಮುಚ್ಚುವ ಅರ್ಜಿಗೆ ಮೊದಲು ಸಾಲದ ಅರ್ಜಿ ಕೇಳಿ. ಹನ್ನೆರಡು ಕಂತು ಕಟ್ಟಿ ಒಂದು ವರ್ಷ ಕಳೆದಿದ್ದರೆ ಖಾತೆಯಲ್ಲಿರುವ ಮೊತ್ತದ ಅರ್ಧದವರೆಗೆ ಸಾಲ ಸಿಗುತ್ತದೆ. ಅದರ ಬಡ್ಡಿ ಆರ್‌ಡಿ ದರಕ್ಕಿಂತ ಶೇಕಡ 2 ಮಾತ್ರ ಹೆಚ್ಚು, ಖಾತೆಯೂ ಉಳಿಯುತ್ತದೆ. ಮುಚ್ಚಲೇಬೇಕು ಎನ್ನುವವರು ಪಾಸ್‌ಬುಕ್ಕಿನಲ್ಲಿ ಮುಕ್ತಾಯದ ತಾರೀಖನ್ನು ಒಮ್ಮೆ ನೋಡಿಕೊಂಡೇ ಮನೆಯಿಂದ ಹೊರಡಿ.