ಮಾರಾಟಕ್ಕೂ ಮುಂಚೆ ಸಿಕ್ಕ ಗಿರಾಕಿ

1983ರಲ್ಲಿ ಅಮೆರಿಕದ ಅಲನ್ ಕೂಪರ್ ಕೆಲಸಗಳ ವೇಳಾಪಟ್ಟಿ ಹಾಕುವ ಸಾಫ್ಟ್‌ವೇರ್ ಬರೆಯುತ್ತಿದ್ದರು. ಇನ್ನೂ ಗಿರಾಕಿಗಳಿರಲಿಲ್ಲ. ಅದನ್ನು ಬಳಸಬಹುದಾದ ಏಳೆಂಟು ಪರಿಚಯಸ್ಥರನ್ನು ಅವರು ಮಾತನಾಡಿಸಿದರು. ಜಾಹೀರಾತು ಸಂಸ್ಥೆಯೊಂದರಲ್ಲಿ ಸಿಬ್ಬಂದಿಗೆ ಕೆಲಸ ಹಂಚುತ್ತಿದ್ದ ಕ್ಯಾಥಿ ಎಂಬವರು ಅವರ ಮನಸ್ಸಿನಲ್ಲಿ ಉಳಿದರು. ಪ್ರೋಗ್ರಾಂ ಕಂಪೈಲ್ ಆಗಲು ಗಂಟೆಗೂ ಮೇಲೆ ಹಿಡಿಯುತ್ತಿತ್ತು. ಆ ಬಿಡುವಿನಲ್ಲಿ ಕೂಪರ್ ಗಾಲ್ಫ್ ಮೈದಾನದಲ್ಲಿ ಓಡಾಡುತ್ತ, ಕ್ಯಾಥಿಯಂಥ ಮ್ಯಾನೇಜರ್ ಆಗಿ ತಮ್ಮೊಡನೆ ತಾವೇ ಮಾತಿಗಿಳಿಯುತ್ತಿದ್ದರು. ಯಾವ ಸೌಲಭ್ಯ ಬೇಕು, ಯಾವುದು ಬೇಡ ಎಂಬುದು ಹೀಗೆ ತೀರ್ಮಾನವಾಗುತ್ತ ಹೋಯಿತು.

1995ರಲ್ಲಿ ಸೇಜೆಂಟ್ ಎಂಬ ಕಂಪನಿಗೆ ಕೆಲಸ ಮಾಡುವಾಗ ಈ ಅಭ್ಯಾಸ ಒಂದು ವಿಧಾನವಾಯಿತು. ಸಂದರ್ಶನಗಳಿಂದ ಚಕ್, ಸಿಂಥಿಯಾ, ರಾಬ್ ಎಂಬ ಮೂವರು ಕಲ್ಪಿತ ಬಳಕೆದಾರರು ಮೂಡಿದರು. ಚಕ್ ಮತ್ತು ಸಿಂಥಿಯಾ ಇಬ್ಬರದೂ ವಿಶ್ಲೇಷಕರ ಕೆಲಸವೇ. ಆದರೆ ಚಕ್‌ಗೆ ಸಿದ್ಧ ನಮೂನೆ ಸಾಕು, ಸಿಂಥಿಯಾ ತನ್ನ ನಮೂನೆಯನ್ನು ತಾನೇ ಬರೆದುಕೊಳ್ಳುವವಳು. ಗಿರಾಕಿಗಳನ್ನು ಬೇರೆ ಮಾಡುವುದು ಹುದ್ದೆ, ವಯಸ್ಸುಗಳಲ್ಲ, ಅವರು ಸಾಧಿಸಹೊರಟ ಗುರಿ ಎಂಬುದು ಇಲ್ಲಿ ಸ್ಪಷ್ಟವಾಯಿತು. ಇಂಥ ಕಲ್ಪಿತ ವ್ಯಕ್ತಿಗೆ ಪರ್ಸೋನಾ ಎಂಬ ಹೆಸರನ್ನು ಜನಪ್ರಿಯಗೊಳಿಸಿದ್ದು ಕೂಪರ್ ಅವರ 1999ರ ಪುಸ್ತಕ.

ಇದನ್ನು ಬೆಂಗಳೂರಿನ ರಾಮಮೂರ್ತಿ ನಗರಕ್ಕೆ ತಂದು ನೋಡೋಣ. ನೀರಿನ ಟ್ಯಾಂಕರ್ ಬುಕ್ ಮಾಡುವ ಆ್ಯಪ್ ಮಾಡಲು ಇಬ್ಬರು ಹೊರಟಿದ್ದಾರೆ, ಒಂದು ಬುಕಿಂಗ್ ಕೂಡ ಬಂದಿಲ್ಲ ಎಂದಿಟ್ಟುಕೊಳ್ಳಿ. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ ದರ ನಿಗದಿ ಮಾಡಿತ್ತು. ಹೀಗಾಗಿ ಗಿರಾಕಿಗೆ ಬೇಕಾದದ್ದು ಅಗ್ಗದ ನೀರೇ ಎಂದು ಊಹಿಸುವುದು ಸುಲಭ. ಊಹೆಗೆ ಮುಂಚೆ ಎಂಟು ಮನೆಗಳಿಗೆ ಹೋಗಬೇಕು. "ಆ್ಯಪ್ ಬಳಸ್ತೀರಾ?" ಎಂದರೆ ಎಲ್ಲರೂ ಮುಲಾಜಿಗೆ ಹೂಂ ಎನ್ನುತ್ತಾರೆ. "ಹೋದ ಸಲ ಟ್ಯಾಂಕರ್ ಯಾವಾಗ ತರಿಸಿದ್ರಿ? ಸಂಪ್‌ನಲ್ಲಿ ಎಷ್ಟು ನೀರಿತ್ತು? ಮೊದಲು ಯಾರಿಗೆ ಫೋನ್ ಮಾಡಿದ್ರಿ?" ಎಂದು ಕೇಳಬೇಕು.

ಉತ್ತರಗಳಲ್ಲಿ ಎರಡು ಗುರಿಗಳು ಕಂಡವೆನ್ನಿ. ಕೆಳಗೆ ತಾವಿದ್ದು ಮೇಲಿನ ಮೂರು ಮಹಡಿ ಬಾಡಿಗೆಗೆ ಕೊಟ್ಟ ಮಾಲೀಕರಿಗೆ ಬೆಳಗ್ಗೆ ಬಾಡಿಗೆದಾರರು ಬಾಗಿಲು ತಟ್ಟುವ ಮೊದಲೇ ನೀರು ಬಂದಿರಬೇಕು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೆ ತಿಂಗಳ ಕೊನೆಗೆ ಸದಸ್ಯರ ಮುಂದಿಡಲು ಬಿಲ್ ಬೇಕು. ಇಬ್ಬರಿಗೂ ಐವತ್ತೈದರ ವಯಸ್ಸಿರಬಹುದು, ಕೊಳ್ಳುವ ನೀರೂ ಒಂದೇ, ಆದರೆ ಆ್ಯಪ್‌ನಿಂದ ಬೇಕಾದದ್ದು ಬೇರೆ. ಮೊದಲು ಯಾರಿಗಾಗಿ ಕಟ್ಟುವುದೆಂದು ಆರಿಸಲೇಬೇಕು.

ಪರ್ಸೋನಾ ಬರೆಯುವಾಗ ಪ್ರತಿ ಸಾಲಿನ ಮುಂದೆ "ಕೇಳಿದ್ದು" ಅಥವಾ "ಊಹೆ" ಎಂದು ಗುರುತಿಡಿ. ಊಹೆಗಳೇ ಹೆಚ್ಚಾದರೆ ಮತ್ತೆ ಬೀದಿಗಿಳಿಯಬೇಕು. ಯಾವ ಸೌಲಭ್ಯಕ್ಕೂ ಬೇಡ ಎನ್ನದ ಪರ್ಸೋನಾ ಕೆಲಸಕ್ಕೆ ಬಾರದು. ಮುಂದಿನ ಮೂರ್ನಾಲ್ಕು ಮನೆಯವರು ಎರಡು ಗುಂಪಿಗೂ ಸೇರದಿದ್ದರೆ ಗೆರೆ ಎಳೆದ ಜಾಗವೇ ತಪ್ಪು.

ಎಂಟು ಮಾತುಕತೆಗಳಿಂದ ಎಂಥ ಗಿರಾಕಿಗಳಿದ್ದಾರೆ ಎಂಬುದು ತಿಳಿಯುತ್ತದೆಯೇ ಹೊರತು ಎಷ್ಟು ಮಂದಿ ಎಂಬುದಲ್ಲ. ಆ ಲೆಕ್ಕ ಸಿಗುವುದು ಜನ ಮುಂಗಡ ಕೊಟ್ಟು ಬುಕ್ ಮಾಡಿದಾಗ.